ಪ್ರದರ್ಶನಕ್ಕೆ ಸ್ಲಾಟ್ ಮಾಡುವಾಗ ನಾವು ಹಾಕಿದ ಲೆಕ್ಕ

ವಿಜ್ಞಾನ ಪ್ರದರ್ಶನವೊಂದರಲ್ಲಿ ಜನರನ್ನು ಸ್ಲಾಟ್ ಪ್ರಕಾರ ಒಳಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಮೊದಲು ಕೇಳುವುದು ಒಂದೇ: ಒಂದು ಸ್ಲಾಟ್‌ಗೆ ಎಷ್ಟು ಟಿಕೆಟ್ ಕೊಡಬೇಕು? ಬಂದವರು ಒಳಗೆ ಎಷ್ಟು ಹೊತ್ತು ಇರ್ತಾರೆ ಅಂತ ಗೊತ್ತಾಗದೆ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ.

ಅದನ್ನು ಅಳೆಯೋಕೆ ದೊಡ್ಡ ಏರ್ಪಾಡೇನೂ ಬೇಕಾಗಲಿಲ್ಲ. ಒಳಗೆ ಹೋಗುವ ಇಪ್ಪತ್ತು ಜನರಲ್ಲಿ ಒಬ್ಬರಿಗೆ, ಆಗಿನ ಟೈಮ್ ಬರೆದ ಬಣ್ಣದ ಚೀಟಿ ಕೊಟ್ಟೆವು. ಹೊರಗೆ ಹೋಗುವ ಬಾಗಿಲಲ್ಲಿ ಅದನ್ನು ವಾಪಸ್ ಇಸ್ಕೊಂಡು, ಅದರ ಮೇಲೆ ಹೊರಟ ಟೈಮ್ ಬರೆದೆವು. ಒಂದಷ್ಟು ಚೀಟಿ ಜೇಬಲ್ಲೇ ಮನೆ ಸೇರಿದವು, ಅದು ಬಿಡಿ. ಸರಾಸರಿ 90 ನಿಮಿಷ ಬಂತು. ನಮ್ಮ ಹಾಲ್‌ನಲ್ಲಿ 600 ಜನ ಇದ್ದರೆ ಆರಾಮಾಗಿ ಓಡಾಡಬಹುದು. ಸುರಕ್ಷತೆಯ ಮಿತಿ ಇದಕ್ಕಿಂತ ಜಾಸ್ತಿ ಇತ್ತು, ಆದರೆ ಅದನ್ನು ಯಾವತ್ತೂ ಮುಟ್ಟಬಾರದ ಗೆರೆ ಅಂತ ಬೇರೆಯೇ ಇಟ್ಟುಕೊಂಡೆವು. ಈಗ ಲೆಕ್ಕ ಸುಲಭ. ಅರ್ಧ ಗಂಟೆಗೊಂದು ಸ್ಲಾಟ್ ಅಂದರೆ ಯಾವಾಗ ನೋಡಿದರೂ ಒಳಗೆ ಮೂರು ಸ್ಲಾಟ್‌ನ ಜನ ಇರ್ತಾರೆ. 600ನ್ನು 3ರಿಂದ ಭಾಗಿಸಿದರೆ ಸ್ಲಾಟ್‌ಗೆ 200.

ಆದರೆ ಸರಾಸರಿಯನ್ನು ಪೂರ್ತಿ ನಂಬೋ ಹಾಗಿಲ್ಲ. ಮುಕ್ಕಾಲು ಗಂಟೆಗೆ ಹೊರಡುವವರೂ ಇದ್ದರು, ಮಕ್ಕಳನ್ನು ಕರ್ಕೊಂಡು ಬಂದು ಎರಡೂವರೆ ಗಂಟೆ ಕೂತವರೂ ಇದ್ದರು, ಅದರಲ್ಲೂ ರಜಾ ದಿನ ಎಲ್ಲರೂ ಇನ್ನೂ ನಿಧಾನ. ಅದಕ್ಕೇ ಮುಂಗಡವಾಗಿ 170 ಮಾತ್ರ ಕೊಟ್ಟು, 30 ನಮ್ಮ ಹತ್ತಿರವೇ ಇಟ್ಟುಕೊಂಡೆವು. ಒಳಗಿನ ಎಣಿಕೆ ನೋಡಿಕೊಂಡು ಜಾಗ ಇದ್ದರೆ ಮಾತ್ರ ಅವನ್ನು ಕೌಂಟರ್‌ನಲ್ಲಿ ಬಿಡುತ್ತಿದ್ದೆವು. ಬುಕ್ ಮಾಡಿ ಬಾರದವರ ಜಾಗವೂ ಇದರಲ್ಲೇ ತುಂಬುತ್ತಿತ್ತು. ಟಿಕೆಟ್ ಉಚಿತವಾಗಿದ್ದರೆ ಬಾರದವರು ಇನ್ನೂ ಜಾಸ್ತಿ, ಕಾಸು ಕೊಟ್ಟಿಲ್ಲವಲ್ಲ!

ಮುಂದಿನ ತಲೆನೋವು ಗೇಟಿನದು. ಹತ್ತು ಗಂಟೆಯ ಸ್ಲಾಟ್ ಅಂದರೆ ಹತ್ತೂವರೆವರೆಗೂ ಬರಬಹುದು ಅಂತ ಟಿಕೆಟ್ ಮೇಲೆ ಬರೆದಿದ್ದರೂ ಮುಕ್ಕಾಲು ಪಾಲು ಜನ ಹತ್ತಕ್ಕೇ ಹಾಜರ್. ಒಂದು ಟಿಕೆಟ್ ಸ್ಕ್ಯಾನ್ ಮಾಡೋಕೆ ಆರು ಸೆಕೆಂಡ್ ಹಿಡಿದರೆ ಒಬ್ಬ ವಾಲಂಟಿಯರ್ ನಿಮಿಷಕ್ಕೆ ಹತ್ತು ಜನರನ್ನು ಬಿಡಬಹುದು, ಇಬ್ಬರಿದ್ದರೆ ಇಪ್ಪತ್ತು. 120 ಜನ ಒಟ್ಟಿಗೆ ನಿಂತರೆ ಕೊನೆಯವರಿಗೆ ಆರು ನಿಮಿಷ, ಮಧ್ಯೆ ಯಾರದೋ ಫೋನ್ ಕೈಕೊಟ್ಟರೆ ಇನ್ನೂ ಜಾಸ್ತಿ. ಆಗ ಸ್ಲಾಟನ್ನು 15 ನಿಮಿಷಕ್ಕೆ ಇಳಿಸಿ, ಒಂದೊಂದಕ್ಕೆ 85 ಟಿಕೆಟ್ ಮಾಡಿದೆವು. ಒಳಗಿನ ಜನಸಂಖ್ಯೆ ಅಷ್ಟೇ ಇತ್ತು, ಗೇಟಿನ ಗುಂಪು ಮಾತ್ರ ಅರ್ಧ ಆಯಿತು. ತಡವಾಗಿ ಬಂದವರಿಗೆ ಅರ್ಧ ಗಂಟೆ ವಿನಾಯಿತಿ ಕೊಟ್ಟೆವು, ಯಾಕೆಂದರೆ ಸಂಸಾರ ಸಮೇತ ಬರೋರಿಗೆ ಹದಿನೈದು ನಿಮಿಷದ ಲೆಕ್ಕ ಸಾಗಲ್ಲ. ಬೇಗ ಬಂದವರನ್ನು ಮಾತ್ರ ಎಷ್ಟು ಕೇಳಿಕೊಂಡರೂ ಬಿಡುತ್ತಿರಲಿಲ್ಲ. ಒಬ್ಬರನ್ನು ಬಿಟ್ಟರೆ ಹಿಂದಿನವರು 'ನಮಗ್ಯಾಕಿಲ್ಲ' ಅಂತಾರೆ, ಅಲ್ವಾ? ಅವರಿಗೆ ಪಕ್ಕದಲ್ಲೇ ಬೇರೆ ಸಾಲು ಮಾಡಿ, 'ಮುಂದಿನ ಸ್ಲಾಟ್' ಅಂತ ದೊಡ್ಡ ಬೋರ್ಡ್ ಇಟ್ಟ ಮೇಲೆ ಜಗಳ ಕಡಿಮೆಯಾಯಿತು.

ಇಷ್ಟೆಲ್ಲ ಆದರೂ ಸಂಜೆ ಹಾಲ್ ಮತ್ತೆ ತುಂಬಿ ತುಳುಕುತ್ತಿತ್ತು. ಟಿಕೆಟ್ ಸರಿಯಾಗೇ ಇತ್ತು, ಗೇಟೂ ಸರಿಯಿತ್ತು. ಎರಡೂ ಬಾಗಿಲಲ್ಲಿ ಕೈಯಲ್ಲಿ ಒತ್ತುವ ಕೌಂಟರ್ ಹಿಡಿದವರು ಹದಿನೈದು ನಿಮಿಷಕ್ಕೊಮ್ಮೆ ಬರೆದಿಟ್ಟ ಹಾಳೆ ನೋಡಿದಾಗ ಗುಟ್ಟು ಗೊತ್ತಾಯಿತು. ಬರೋರ ಸಂಖ್ಯೆ ಮಾಮೂಲು, ಆದರೆ ನಾಲ್ಕರಿಂದ ಐದರವರೆಗೆ ಹೊರಗೆ ಹೋಗೋರೇ ಇಲ್ಲ. ಕಾರಣ ಐದು ಗಂಟೆಯ ದೊಡ್ಡ ಪ್ರಾತ್ಯಕ್ಷಿಕೆ. ಮೂರಕ್ಕೆ ಬಂದವರೂ ಅದನ್ನು ನೋಡದೆ ಕದಲುತ್ತಿರಲಿಲ್ಲ. ಅವರ 90 ನಿಮಿಷ 140 ಆಯಿತು ಅಂದರೆ ಒಳಗಿನ ಜನವೂ ಅದೇ ಪ್ರಮಾಣದಲ್ಲಿ ಏರುತ್ತದೆ, ಗೇಟಲ್ಲಿ ನಾವು ಎಷ್ಟೇ ಶಿಸ್ತಾಗಿದ್ದರೂ.

ಆ ಒಂದು ದೊಡ್ಡ ಶೋ ಬದಲು ಇಪ್ಪತ್ತು ನಿಮಿಷದ ಶೋ ಮಾಡಿ, ದಿನಪೂರ್ತಿ ಗಂಟೆಗೊಮ್ಮೆ ನಡೆಸಿದೆವು. ವೇದಿಕೆಯನ್ನೂ ಹೊರಬಾಗಿಲ ಪಕ್ಕಕ್ಕೆ ತಂದೆವು, ಮುಗಿದ ಕೂಡಲೇ ಜನ ಹೊರಗೇ ಹೋಗಲಿ ಅಂತ. ಪ್ರಾತ್ಯಕ್ಷಿಕೆ ಮಾಡೋರಿಗೆ ಸಿಟ್ಟು ಬಂತು, ನಿಜ. ದಿನಕ್ಕೆ ಅಷ್ಟು ಸಲ ಗಂಟಲು ಹರಿದುಕೊಳ್ಳೋದು ಸುಲಭವಲ್ಲ. ಎರಡು ತಂಡ ಮಾಡಿ ಹಂಚಿದೆವು. ಮರುದಿನದ ಹಾಳೆಯಲ್ಲಿ ಸಂಜೆಯ ಹೊರಹೋಗುವ ಎಣಿಕೆ ಮತ್ತೆ ಒಂದೇ ಸಮ ಬಂತು.

ಬೆಳಗಿನ ಮೊದಲ ಸ್ಲಾಟ್‌ಗಳು ಖಾಲಿ ಹೊಡೆಯುತ್ತಿದ್ದವು, ಅವನ್ನು ಶಾಲಾ ತಂಡಗಳಿಗೆ ಕೊಟ್ಟೆವು. ಪ್ರದರ್ಶನ ಮುಚ್ಚುವುದಕ್ಕೆ 90 ನಿಮಿಷ ಮುಂಚೆಯೇ ಕೊನೆಯ ಸ್ಲಾಟ್ ಇಟ್ಟೆವು. ಅದಕ್ಕಿಂತ ತಡವಾಗಿ ಟಿಕೆಟ್ ಕೊಟ್ಟರೆ ಅರ್ಧ ನೋಡಿದವರನ್ನು ಹೊರಗೆ ಕಳಿಸೋ ಪಾಡು ವಾಲಂಟಿಯರ್‌ಗಳದ್ದು.