15.9 ಬರಬೇಕಿದ್ದ ಜಾಗದಲ್ಲಿ 14.6: ಒಂದು ಆರ್‌ಸಿ ಫಿಲ್ಟರ್ ಅಳೆದ ಕಥೆ

ಒಂದು ಸೆನ್ಸರ್ ಬೋರ್ಡಿಗೆ ಲೋ-ಪಾಸ್ ಫಿಲ್ಟರ್ ಬೇಕಿತ್ತು. ದೊಡ್ಡದೇನಲ್ಲ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. 10 ಕಿಲೋಓಮ್ ಮತ್ತು 1 ನ್ಯಾನೊಫ್ಯಾರಡ್ ಅಂತ ತೀರ್ಮಾನ ಮಾಡಿದೆ. ಕಟಾಫ್ ಫ್ರೀಕ್ವೆನ್ಸಿಯ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ:

```
fc = 1 / (2πRC) = 15.9 kHz
```

ಎಸ್.ಪಿ. ರೋಡಿನಿಂದ ತಂದ ಬಿಡಿಭಾಗಗಳನ್ನು ಸುಮ್ನೆ ನಂಬುವ ಹಾಗಿಲ್ಲ. ಹಾಗಾಗಿ ಮೊದಲೇ ಎಲ್‌ಸಿಆರ್ ಮೀಟರಿನಲ್ಲಿ ಹಾಕಿ ನೋಡಿದ್ದೆ. ರೆಸಿಸ್ಟರ್ 9.98 ಕಿಲೋಓಮ್, ಕೆಪಾಸಿಟರ್ ಸರಿಯಾಗಿ 1.00 ನ್ಯಾನೊಫ್ಯಾರಡ್. ಎರಡೂ ಚೆನ್ನಾಗಿವೆ. ಬ್ರೆಡ್‌ಬೋರ್ಡಿನಲ್ಲಿ ಚುಚ್ಚಿ, ಫಂಕ್ಷನ್ ಜನರೇಟರಿನಿಂದ 2 ವೋಲ್ಟ್ ಪೀಕ್-ಟು-ಪೀಕ್ ಸೈನ್ ವೇವ್ ಕೊಟ್ಟೆ. ಆಸಿಲೋಸ್ಕೋಪಿನ ಮೊದಲ ಚಾನೆಲ್ ಇನ್‌ಪುಟ್ಟಿಗೆ, ಎರಡನೆಯದು ಔಟ್‌ಪುಟ್ಟಿಗೆ.

ಇನ್‌ಪುಟ್ಟನ್ನು ಒಂದು ಸಲ ನೋಡಿ ಬಿಟ್ಟರೆ ಸಾಕು ಅನ್ನುವವರಿದ್ದಾರೆ. ನಾನು ಪ್ರತಿ ಫ್ರೀಕ್ವೆನ್ಸಿಯಲ್ಲೂ ಎರಡನ್ನೂ ಬರೆದುಕೊಳ್ಳುತ್ತೇನೆ. ಫ್ರೀಕ್ವೆನ್ಸಿ ಮೇಲಕ್ಕೆ ಹೋದಂತೆ ಜನರೇಟರ್ ಕೊಡುವ ವೋಲ್ಟೇಜ್ ಸ್ವಲ್ಪ ಬಿದ್ದರೂ ಅನುಪಾತ ಕೆಡುವುದಿಲ್ಲ ಅಲ್ವಾ. 100 ಹರ್ಟ್ಸ್‌ನಿಂದ ಶುರು ಮಾಡಿ 1, 2, 5 ಅನ್ನುವ ಹೆಜ್ಜೆಯಲ್ಲಿ ಮೇಲಕ್ಕೆ ಹೋದೆ. ತಿರುವು ಬರುವ 10ರಿಂದ 20 ಕಿಲೋಹರ್ಟ್ಸ್ ನಡುವೆ ಮಾತ್ರ ಒಂದೊಂದೇ ಕಿಲೋಹರ್ಟ್ಸ್ ಹೆಚ್ಚಿಸಿದೆ. ಪ್ರತಿ ಸಾಲಿಗೂ `20·log10(Vout/Vin)` ಲೆಕ್ಕ ಹಾಕಿ ಸೆಮಿಲಾಗ್ ಗ್ರಾಫ್ ಶೀಟಿನ ಮೇಲೆ ಚುಕ್ಕೆ ಇಟ್ಟೆ. ಕಂಪ್ಯೂಟರಿನಲ್ಲಿ ಪ್ಲಾಟ್ ಮಾಡಬಹುದು, ಆದರೆ ಕೈಯಲ್ಲಿ ಇಟ್ಟ ಚುಕ್ಕೆ ದಾರಿ ತಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಸೆಮಿಲಾಗ್ ಶೀಟಿನಲ್ಲಿ ನಾನು ಹಿಂದೆ ಬಹಳ ಸಲ ಎಡವಿದ ಜಾಗ ಒಂದಿದೆ. 10ರ ಗೆರೆ ಮತ್ತು 20ರ ಗೆರೆಯ ಸರಿಯಾಗಿ ಮಧ್ಯ ಇರುವುದು 15 ಅಲ್ಲ, 14.1. ಕಣ್ಣಳತೆಯಲ್ಲಿ ಓದಿದರೆ ಇಲ್ಲೇ ಆರು ಪರ್ಸೆಂಟ್ ತಪ್ಪು ನುಸುಳುತ್ತದೆ. ಅದಕ್ಕೇ ಗ್ರಾಫಿನಲ್ಲಿ ಅಂದಾಜು ನೋಡಿಕೊಂಡು, ಆಮೇಲೆ ಜನರೇಟರ್ ತಿರುಗಿಸುತ್ತಾ ಔಟ್‌ಪುಟ್ 0.707 ಪಾಲಿಗೆ ಬರುವ ಫ್ರೀಕ್ವೆನ್ಸಿಯನ್ನು ನೇರವಾಗಿ ಹುಡುಕುತ್ತೇನೆ. 0.707 ಅಂದರೆ ಯಾವುದರ 0.707? ಗ್ರಾಫಿನ ಎಡಗಡೆ ಮಟ್ಟವಾಗಿ ಓಡುವ ಭಾಗದ್ದು. ಆ ಮಟ್ಟದಿಂದ 3 ಡಿಬಿ ಇಳಿದ ಜಾಗವೇ ಕಟಾಫ್.

ಹಾಗೆ ಹುಡುಕಿದಾಗ ಸಿಕ್ಕಿದ್ದು 14.6 ಕಿಲೋಹರ್ಟ್ಸ್.

ಎಂಟು ಪರ್ಸೆಂಟ್ ಕಡಿಮೆ. ಬಿಡಿಭಾಗ ಅಳೆಯದೇ ಇದ್ದಿದ್ದರೆ ಟಾಲರೆನ್ಸ್ ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಅಳೆದಿದ್ದೇನೆ, ಈಗ ಆ ನೆಪವೂ ಇಲ್ಲ. ವೈರ್ ಬದಲಾಯಿಸಿದೆ, ಬ್ರೆಡ್‌ಬೋರ್ಡಿನ ಸಾಲು ಬದಲಾಯಿಸಿದೆ. ಮತ್ತೆ 14.6. ಪಕ್ಕದ ಬೆಂಚಿನ ಹಿರಿಯರು ಟೀ ಲೋಟ ಹಿಡಿದುಕೊಂಡು ಬಂದು ಸ್ಕ್ರೀನ್ ಕಡೆ ನೋಡಲೂ ಇಲ್ಲ. "ಪ್ರೋಬ್ ಎಷ್ಟರಲ್ಲಿ ಇಟ್ಟಿದೀಯಾ?" ಅಂದರು.

1ಎಕ್ಸ್‌ನಲ್ಲಿತ್ತು. ಆ ಸ್ಥಾನದಲ್ಲಿ ಪ್ರೋಬಿನ ಕೇಬಲ್ ಮತ್ತು ಸ್ಕೋಪಿನ ಇನ್‌ಪುಟ್ ಸೇರಿ ಸುಮಾರು 100 ಪಿಕೋಫ್ಯಾರಡ್ ಆಗುತ್ತದೆ. ಅದು ನನ್ನ ಕೆಪಾಸಿಟರಿಗೆ ಸಮಾನಾಂತರವಾಗಿ ಕೂತಿದೆ. 1000ದ ಜಾಗದಲ್ಲಿ 1100 ಪಿಕೋಫ್ಯಾರಡ್. ಜೊತೆಗೆ ಸ್ಕೋಪಿನ 1 ಮೆಗಾಓಮ್ ಕೂಡ ಒಂದು ಚೂರು ಎಳೆಯುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ 14.6 ಕಿಲೋಹರ್ಟ್ಸೇ ಬರುತ್ತದೆ. ನಾನು ಅಳೆದಿದ್ದು ನನ್ನ ಫಿಲ್ಟರನ್ನಲ್ಲ, ಫಿಲ್ಟರ್ ಮತ್ತು ಪ್ರೋಬ್ ಎರಡನ್ನೂ ಸೇರಿಸಿ.

ಪ್ರೋಬಿನ ಸ್ವಿಚ್ ಅನ್ನು 10ಎಕ್ಸ್‌ಗೆ ತಳ್ಳಿದೆ. ಈಗ ಇಡೀ ಗ್ರಾಫ್ 20 ಡಿಬಿ ಕೆಳಗೆ ಬಂದು ಕೂತಿತು! ಆಕಾರ ಹಾಗೇ ಇದೆ, ಮಟ್ಟ ಮಾತ್ರ ಕುಸಿದಿದೆ. ಹೀಗೆ ಸರಿಯಾಗಿ 20 ಡಿಬಿ ವ್ಯತ್ಯಾಸ ಕಂಡರೆ ಬೇರೇನೂ ಹುಡುಕಬೇಡಿ. ಪ್ರೋಬ್ 10ಕ್ಕೆ ಹೋಗಿದೆ, ಸ್ಕೋಪಿನ ಚಾನೆಲ್ ಮೆನು ಇನ್ನೂ 1ರಲ್ಲೇ ಇದೆ ಅಂತ ಅರ್ಥ. ಮೆನು ಸರಿ ಮಾಡಿ ಮತ್ತೆ ಅಳೆದಾಗ 15.7 ಕಿಲೋಹರ್ಟ್ಸ್ ಬಂತು. 10ಎಕ್ಸ್‌ನಲ್ಲೂ ಪ್ರೋಬ್ 15 ಪಿಕೋಫ್ಯಾರಡಿನಷ್ಟು ಸೇರಿಸುತ್ತದೆ, ಉಳಿದ ವ್ಯತ್ಯಾಸ ಅದರದ್ದು. ಖಾತ್ರಿಗೆ ಫೇಸ್ ಕೂಡ ನೋಡಿದೆ. ಕಟಾಫ್‌ನಲ್ಲಿ ಔಟ್‌ಪುಟ್ 45 ಡಿಗ್ರಿ ಹಿಂದೆ ಬೀಳಬೇಕು, ಬಿದ್ದಿತ್ತು.

ಇನ್ನು ಇಳಿಜಾರು. ಒಂದೇ ಆರ್‌ಸಿ ಇದ್ದರೆ ಡಿಕೇಡಿಗೆ 20 ಡಿಬಿ, ಅಂದರೆ ಆಕ್ಟೇವಿಗೆ 6 ಡಿಬಿ ಇಳಿಯಬೇಕು ಅಂತ ಓದಿರುತ್ತೇವೆ. ಕಟಾಫ್‌ನಿಂದ ಅದರ ಎರಡರಷ್ಟಕ್ಕೆ ಹೋಗಿ ನೋಡಿದರೆ ಇಳಿದಿದ್ದು 4 ಡಿಬಿ ಮಾತ್ರ. ಹತ್ತರಷ್ಟಕ್ಕೆ ಹೋದರೂ 17. ಇದು ಫಿಲ್ಟರಿನ ತಪ್ಪಲ್ಲ. ಕಟಾಫ್ ಹತ್ತಿರ ಗೆರೆ ಇನ್ನೂ ಬಾಗುತ್ತಿರುತ್ತದೆ, ನೇರವಾಗಿರುವುದಿಲ್ಲ. ಬಾಗಿದ ಗೆರೆಗೆ ಒಂದೇ ಇಳಿಜಾರು ಎಲ್ಲಿಂದ ಬರಬೇಕು? ಆದ್ದರಿಂದ ಕಟಾಫ್‌ನ ಹತ್ತರಷ್ಟು ದಾಟಿದ ಮೇಲೆ ಓದಲು ಶುರು ಮಾಡಬೇಕು. ನನ್ನ ಫಿಲ್ಟರಿಗೆ ಅದು 157 ಕಿಲೋಹರ್ಟ್ಸ್‌ನಿಂದ 1.57 ಮೆಗಾಹರ್ಟ್ಸ್‌ವರೆಗೆ.

ಅಲ್ಲೂ ಒಂದು ಕಿರಿಕಿರಿ ಕಾದಿತ್ತು. ಮೊದಲ ಚುಕ್ಕೆ ಸರಿಯಾಗಿ ಮೈನಸ್ 20ರಲ್ಲಿ ಬಂತು. ಕೊನೆಯದು ಮೈನಸ್ 40ರಲ್ಲಿ ಬರಬೇಕಿತ್ತು, ಮೈನಸ್ 38ರ ಹತ್ತಿರ ನಿಂತಿತು. ಗ್ರಾಫಿನ ಬಾಲ ಮೇಲಕ್ಕೆ ಎದ್ದ ಹಾಗೆ. ಜನರೇಟರಿನ ಔಟ್‌ಪುಟ್ ಆಫ್ ಮಾಡಿ ನೋಡಿದೆ. ಸಿಗ್ನಲ್ಲೇ ಇಲ್ಲ, ಆದರೂ ಎರಡನೇ ಚಾನೆಲ್ 6 ಮಿಲಿವೋಲ್ಟ್ ತೋರಿಸುತ್ತಿದೆ! ಅದು ಬರೀ ನಾಯ್ಸ್. ಅಲ್ಲಿ ನಿಜವಾದ ಸಿಗ್ನಲ್ 20 ಮಿಲಿವೋಲ್ಟ್, ಸ್ಕೋಪಿನ ಪೀಕ್-ಟು-ಪೀಕ್ ಅಳತೆ ನಾಯ್ಸನ್ನೂ ಸೇರಿಸಿ 26 ಅನ್ನುತ್ತಿತ್ತು. ಇನ್‌ಪುಟ್ಟನ್ನು 10 ವೋಲ್ಟಿಗೆ ಏರಿಸಿ, ಸ್ಕೋಪಿನಲ್ಲಿ ಆವರೇಜಿಂಗ್ ಹಾಕಿದ ಮೇಲೆ ಚುಕ್ಕೆ ಮೈನಸ್ 40ಕ್ಕೆ ಇಳಿದು ಸಾಲಿಗೆ ಸೇರಿತು.

ನನ್ನ ಸೆನ್ಸರಿಗೆ ಈ ಇಳಿಜಾರು ಸಾಲಲಿಲ್ಲ. ಅಂಥದ್ದೇ ಇನ್ನೊಂದು ಆರ್‌ಸಿಯನ್ನು ಹಿಂದೆಯೇ ಜೋಡಿಸಿದೆ. ಇಳಿಜಾರು ದುಪ್ಪಟ್ಟಾಯಿತು, ಆದರೆ ಕಟಾಫ್ 5.9 ಕಿಲೋಹರ್ಟ್ಸ್‌ಗೆ ಜಾರಿತು. ಎರಡನೆಯ ಆರ್‌ಸಿ ಮೊದಲನೆಯದರಿಂದ ಕರೆಂಟ್ ಎಳೆಯುತ್ತದೆ, ಪ್ರೋಬ್ ಮಾಡಿದ ಕೆಲಸವನ್ನೇ ಜಾಸ್ತಿ ಮಾಡುತ್ತದೆ. ನಡುವೆ ಒಂದು ಆಪ್-ಆಂಪ್ ಬಫರ್ ಇಟ್ಟಾಗ 10.2 ಕಿಲೋಹರ್ಟ್ಸ್ ಬಂತು. ಅದು ಇರಬೇಕಾದ್ದೇ. ತಲಾ 3 ಡಿಬಿ ಇಳಿಸುವ ಎರಡು ಸೇರಿದರೆ 15.7ರಲ್ಲಿ 6 ಡಿಬಿ ಇಳಿದಿರುತ್ತದೆ, 3 ಡಿಬಿಯ ಜಾಗ ಅದಕ್ಕಿಂತ ಮೊದಲೇ ಸಿಗಲೇಬೇಕು. ಇಲ್ಲಿ ಪೂರ್ತಿ ಡಿಕೇಡ್ ಓದಲು ಹೋದರೆ 1.57 ಮೆಗಾಹರ್ಟ್ಸ್‌ನಲ್ಲಿ 10 ವೋಲ್ಟ್ ಹೋಗಿ 1 ಮಿಲಿವೋಲ್ಟ್ ಉಳಿದಿರುತ್ತದೆ, ಅದು ನಾಯ್ಸಿನೊಳಗೆ ಮುಳುಗಿ ಹೋಗುತ್ತದೆ. ಅದಕ್ಕೆ 100 ಮತ್ತು 200 ಕಿಲೋಹರ್ಟ್ಸ್ ನಡುವಿನ ಒಂದೇ ಆಕ್ಟೇವ್ ಓದಿದೆ. ಮೈನಸ್ 32.3ರಿಂದ ಮೈನಸ್ 44.2ಕ್ಕೆ. 11.9 ಡಿಬಿ ಅಂತ ಬರೆದುಕೊಂಡು ಬೋರ್ಡಿನ ಲೇಔಟಿಗೆ ಕೂತೆ.