ಟಿಡಿಎಸ್ ಚಲನ್ ಫೋಟೊ ಓದಿ ಲೆಕ್ಕಕ್ಕೆ ತಾಳೆ ನೋಡುವುದು: ನನ್ನ ಅನುಭವ

ನಮ್ಮ ಆಫೀಸಿನಲ್ಲಿ ಟಿಡಿಎಸ್ ರಿಟರ್ನ್ ತುಂಬುವ ಕೆಲಸ ನನ್ನದು. ಕ್ವಾರ್ಟರ್ ಮುಗಿದ ಮೇಲೆ ಪಾರ್ಟಿಗಳಿಂದ ಚಲನ್‌ಗಳು ಬರುತ್ತವೆ. ಕೆಲವರು ಪಿಡಿಎಫ್ ಕಳಿಸುತ್ತಾರೆ. ಜಾಸ್ತಿ ಜನ ಮಾತ್ರ ಕಂಪ್ಯೂಟರ್ ಪರದೆಗೇ ಫೋನ್ ಹಿಡಿದು ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಆ ಫೋಟೊ ನೋಡಿ ನಂಬರ್ ಬರೆದುಕೊಂಡು, ಟ್ಯಾಲಿಯಲ್ಲಿರುವ ಲೆಜರ್ ಜೊತೆ ತಾಳೆ ನೋಡಬೇಕು. ಒಂದು ಅಂಕಿ ಆಚೀಚೆ ಆದರೂ ರಿಟರ್ನ್‌ನಲ್ಲಿ ಆ ಚಲನ್ ಹೊಂದಿಕೆಯಾಗುವುದಿಲ್ಲ. ತೆರಿಗೆ ಕಡಿತ ಮಾಡಿಸಿಕೊಂಡವರ ತೆರಿಗೆ ಪಟ್ಟಿಯಾದ 26ಎಎಸ್‌ನಲ್ಲಿ ಹಣ ಕಾಣಿಸುವುದಿಲ್ಲ. ಅವರ ಫೋನ್ ಮೊದಲು ಬರುವುದು ನನಗೇ.

ಹಾಗಾಗಿ ನಾನು ಚಲನ್ ಹೇಗೆ ಓದುತ್ತೇನೆ ಅಂತ ಒಂದೇ ಒಂದು ಚಲನ್ ಹಿಡಿದು ಹೇಳುತ್ತೇನೆ. ಇದು 2023ರ ಅಕ್ಟೋಬರ್ ತಿಂಗಳ ಟಿಡಿಎಸ್. ಗುತ್ತಿಗೆದಾರರಿಗೆ ಕೊಟ್ಟ ಬಿಲ್‌ಗಳಲ್ಲಿ ಹಿಡಿದದ್ದು. ಗುರುತು ಸಿಗದಂತೆ ನಂಬರ್‌ಗಳನ್ನು ಬದಲಿಸಿದ್ದೇನೆ.

ಇ-ಫೈಲಿಂಗ್ ಪೋರ್ಟಲ್‌ನಿಂದ ಬರುವ ಈಗಿನ ರಸೀದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು CIN ಎಂಬ ಉದ್ದದ ನಂಬರ್. ಈ ಚಲನ್‌ನಲ್ಲಿ ಅದು 231109ರಿಂದ ಶುರುವಾಗಿ ಕೊನೆಗೆ ಬ್ಯಾಂಕಿನ ನಾಲ್ಕು ಅಕ್ಷರಗಳಿಂದ ಮುಗಿಯುತ್ತಿತ್ತು. ಹೊಸಬರು ಇದನ್ನೇ ಬರೆದುಕೊಂಡು ಕೆಲಸ ಆಯಿತು ಅಂದುಕೊಳ್ಳುತ್ತಾರೆ. ರಿಟರ್ನ್‌ಗೆ ಬೇಕಾಗಿರುವುದು ಅದಲ್ಲ. ಕೆಳಗೆ ಬೇರೆ ಬೇರೆ ಸಾಲುಗಳಲ್ಲಿ BSR code, Challan No, Tender Date ಅಂತ ಇರುತ್ತವಲ್ಲ, ಆ ಮೂರು ಬೇಕು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಬಿಎಸ್ಆರ್ ಕೋಡ್ ಏಳು ಅಂಕಿ, ಚಲನ್ ಕ್ರಮಸಂಖ್ಯೆ ಐದು ಅಂಕಿ. ಹಿಂದಿನ ಬ್ಯಾಂಕ್ ಚಲನ್‌ಗಳಲ್ಲಿ ಈ ಮೂರು ಸೇರಿದ್ದನ್ನೇ ಸಿಐಎನ್ ಅನ್ನುತ್ತಿದ್ದರು. ಹಳೆಯ ಅಭ್ಯಾಸ ಇರುವವರಿಗೆ ಗೊಂದಲ ಆಗುವುದು ಇಲ್ಲೇ.

ಈಗಿನ CINನ ಮೊದಲ ಆರು ಅಂಕಿ ನೋಡಿ ಇದೇ ಕಟ್ಟಿದ ದಿನ ಅಂತ ತಿಳಿಯಬೇಡಿ. ಅದು ಪೋರ್ಟಲ್‌ನಲ್ಲಿ ಚಲನ್ ತಯಾರಿಸಿದ ದಿನ. ನಮ್ಮ ಚಲನ್‌ನಲ್ಲಿ ಅದು ನವೆಂಬರ್ 9. ಆದರೆ Date of Deposit ಎದುರು 10-Nov-2023 ಅಂತ ಇತ್ತು. ಅಲ್ಲಿಯ ಅಕೌಂಟೆಂಟ್ 9ರಂದು ಚಲನ್ ಮಾಡಿದ್ದರು, ಯಜಮಾನರು ನೆಟ್ ಬ್ಯಾಂಕಿಂಗ್‌ನಲ್ಲಿ ಮರುದಿನ ಅಪ್ರೂವ್ ಮಾಡಿದ್ದರು. ಪುಸ್ತಕದಲ್ಲಿ ಪೇಮೆಂಟ್ ವೋಚರ್ 9ನೇ ತಾರೀಖಿಗೇ ಇತ್ತು. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹಣ ಹೋಗಿದ್ದು 10ಕ್ಕೆ. ವೋಚರ್ ತಾರೀಖನ್ನು ರಿಟರ್ನ್‌ಗೆ ಹಾಕಿದರೆ ಚಲನ್ ಸಿಗುವುದೇ ಇಲ್ಲ.

ತಾರೀಖಿನಲ್ಲಿ ಇನ್ನೊಂದು ತೊಡಕು ಇದೆ. Date of Deposit ಸಾಲಿನಲ್ಲಿ ತಿಂಗಳು ಅಕ್ಷರದಲ್ಲಿದೆ. Tender Date ಸಾಲಿನಲ್ಲಿ 10/11/2023 ಅಂತ ಬರೀ ಅಂಕಿ. ಎಕ್ಸೆಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಇದನ್ನು ಅಕ್ಟೋಬರ್ 11 ಅಂತ ತೆಗೆದುಕೊಳ್ಳುತ್ತದೆ, ಏನೂ ತಕರಾರು ಮಾಡುವುದಿಲ್ಲ. ದಿನ 12 ದಾಟಿದ್ದರೆ ಅದು ತಾರೀಖೇ ಆಗದೆ ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಆಗ ಗೊತ್ತಾಗುತ್ತದೆ. ತಿಂಗಳ ಮೊದಲ ವಾರದ ಟಿಡಿಎಸ್ ಚಲನ್‌ಗಳಲ್ಲಿ ಗೊತ್ತೇ ಆಗುವುದಿಲ್ಲ. ಅದಕ್ಕೇ ನಾನು ಯಾವಾಗಲೂ ತಿಂಗಳನ್ನು ಅಕ್ಷರದಲ್ಲೇ ಟೈಪ್ ಮಾಡುತ್ತೇನೆ.

ಇನ್ನು ಕ್ರಮಸಂಖ್ಯೆ. ಪರದೆಯ ಫೋಟೊದಲ್ಲಿ ಅಡ್ಡ ಗೆರೆಗಳು ಬಂದು 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಈ ಚಲನ್‌ನಲ್ಲಿ 00638 ಇರಬಹುದು, 00633 ಇರಬಹುದು ಅನ್ನಿಸುತ್ತಿತ್ತು. ಮೊತ್ತದಲ್ಲಿ ಇಂಥ ಅನುಮಾನ ಬಂದರೆ ಪರವಾಗಿಲ್ಲ, ಅಕ್ಷರದಲ್ಲಿ ಬರೆದ ಮೊತ್ತ ಪಕ್ಕದಲ್ಲೇ ಇರುತ್ತದೆ, ಕೆಳಗಿನ ವಿಂಗಡಣೆ ಕೂಡಿಸಿಯೂ ನೋಡಬಹುದು. ಕ್ರಮಸಂಖ್ಯೆಗೆ ಅಂಥ ಆಸರೆ ಏನೂ ಇಲ್ಲ. ಅಂದಾಜು ಮಾಡಲೇಬಾರದು. ನಾನು ಪಾರ್ಟಿಗೆ ಫೋನ್ ಮಾಡಿ, “ಸರ್, e-Pay Taxನಲ್ಲಿ Payment History ಅಂತ ಇದೆ, ಅಲ್ಲಿಂದ ಡೌನ್‌ಲೋಡ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಬೇಡ” ಅಂತ ಹೇಳಿದೆ. ಬಂದ ಪಿಡಿಎಫ್‌ನಲ್ಲಿ ಸ್ಪಷ್ಟವಾಗಿ 00638 ಇತ್ತು.

ಮೊತ್ತಕ್ಕೆ ಬರೋಣ. ಚಲನ್ ಮೊತ್ತ ₹18,540. ಬ್ಯಾಂಕ್‌ನಲ್ಲೂ ಅಷ್ಟೇ ಹೋಗಿದೆ. ಆದರೆ ಲೆಜರ್ ಪ್ರಕಾರ ಅಕ್ಟೋಬರ್‌ನಲ್ಲಿ ಹಿಡಿದ ಟಿಡಿಎಸ್ ₹18,000 ಮಾತ್ರ. ಟಿಡಿಎಸ್ ಪೇಯಬಲ್ ಖಾತೆ ₹540 ಡೆಬಿಟ್ ತೋರಿಸುತ್ತಿತ್ತು. ಉತ್ತರ ರಸೀದಿಯ ವಿಂಗಡಣೆಯಲ್ಲೇ ಇದೆ: ತೆರಿಗೆ 18,000, ಬಡ್ಡಿ 540. ಅಕ್ಟೋಬರ್ ತಿಂಗಳದ್ದನ್ನು ನವೆಂಬರ್ 7ರೊಳಗೆ ಕಟ್ಟಬೇಕಿತ್ತು. ತಡವಾದರೆ ತಿಂಗಳಿಗೆ ಶೇ. 1.5. ಬಡ್ಡಿ ಲೆಕ್ಕ ಹಿಡಿದ ದಿನದಿಂದ ಶುರು, ತಿಂಗಳ ಒಂದು ಭಾಗವಾದರೂ ಪೂರ್ತಿ ತಿಂಗಳೇ. ಹಾಗಾಗಿ ಮೂರೇ ದಿನ ತಡವಾದರೂ ಅಕ್ಟೋಬರ್, ನವೆಂಬರ್ ಎರಡೂ ಸೇರಿ ಶೇ. 3, ಅಂದರೆ ₹540. ಪೂರ್ತಿ ಹಣವನ್ನು ಪೇಯಬಲ್ ಖಾತೆಗೇ ಹಾಕಿದ್ದ ವೋಚರನ್ನು ಎರಡು ಸಾಲು ಮಾಡಿಸಿದೆ. ₹18,000 ಪೇಯಬಲ್‌ಗೆ, ₹540 ಟಿಡಿಎಸ್ ಬಡ್ಡಿ ಖಾತೆಗೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಒಟ್ಟು ಮೊತ್ತದ ಜೊತೆ ತೆರಿಗೆ, ಬಡ್ಡಿ, ರಿಟರ್ನ್ ತಡವಾದರೆ ಬೀಳುವ 234ಇ ಶುಲ್ಕ ಬೇರೆ ಬೇರೆ ಕಾಲಂಗಳಲ್ಲಿ ಇರುತ್ತವೆ. ಒಟ್ಟನ್ನು ಬ್ಯಾಂಕ್ ಜೊತೆ ನೋಡಬೇಕು, ತೆರಿಗೆಯನ್ನು ಲೆಜರ್ ಜೊತೆ.

ಪಟ್ಟಿ ಎಕ್ಸೆಲ್‌ನಲ್ಲಿ. ಬಿಎಸ್ಆರ್ ಕೋಡ್, ಕ್ರಮಸಂಖ್ಯೆ ಎರಡರಲ್ಲೂ ಮುಂದಿನ ಸೊನ್ನೆ ಹಾರಿಹೋಗುತ್ತದೆ. 00638 ಹೋಗಿ 638 ಆಗುತ್ತದೆ. ಅದಕ್ಕೆ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿಕೊಳ್ಳುತ್ತೇನೆ. A2 ಬಿಎಸ್ಆರ್, B2 ತಾರೀಖು, C2 ಕ್ರಮಸಂಖ್ಯೆ:

```
=TEXT(A2,"0000000")&"-"&TEXT(B2,"ddmmyyyy")&"-"&TEXT(C2,"00000")
```

ನಡುವಿನ ಗೆರೆಗಳನ್ನು ಚಂದಕ್ಕೆ ಹಾಕಿದ್ದಲ್ಲ. ಒಂದೇ ಚಲನ್ ಎರಡು ಸಲ ಬಂದಿದೆಯೇ ಅಂತ ನೋಡಲು `COUNTIF` ಬಳಸುತ್ತೇನೆ. ಬರೀ ಅಂಕಿಗಳಿದ್ದರೆ ಅದು ಅಕ್ಷರವಾಗಿ ಇಟ್ಟದ್ದನ್ನೂ ಸಂಖ್ಯೆ ಅಂತಲೇ ಓದುತ್ತದೆ, 15 ಅಂಕಿ ಆಚೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಳು ಅಂಕಿ ಬಿಎಸ್ಆರ್, ಎಂಟು ಅಂಕಿ ತಾರೀಖು, ಅಲ್ಲಿಗೇ 15 ಆಯಿತು ಅಲ್ವಾ? ಒಂದೇ ದಿನ ಒಂದೇ ಬ್ಯಾಂಕಿನಿಂದ ಗುತ್ತಿಗೆಗೊಂದು, ಬಾಡಿಗೆಗೊಂದು ಚಲನ್ ಕಟ್ಟಿದ್ದರೆ ಎರಡೂ ಒಂದೇ ಅಂತ ತೋರಿಸುತ್ತದೆ. ಗೆರೆ ಹಾಕಿದರೆ ಪೂರ್ತಿ ಗುರುತನ್ನೇ ಹೋಲಿಸುತ್ತದೆ.

ಕೊನೆಗೆ ಸಿಎಸ್ಐ ಫೈಲ್. ತೆರಿಗೆ ಹಿಡಿಯುವವರ ಗುರುತಿನ ಸಂಖ್ಯೆಯಾದ ಟ್ಯಾನ್‌ನಲ್ಲಿ ಕಟ್ಟಿದ ಚಲನ್‌ಗಳ ಪಟ್ಟಿ ಅದರಲ್ಲಿ ಇರುತ್ತದೆ, ರಿಟರ್ನ್ ವ್ಯಾಲಿಡೇಟ್ ಮಾಡುವಾಗ ಹೇಗೂ ಬೇಕು. ತಾರೀಖುಗಳ ಅವಧಿಯನ್ನು ಕಟ್ಟಿದ ದಿನದ ಲೆಕ್ಕದಲ್ಲಿ ಕೊಡಬೇಕು. ಡಿಸೆಂಬರ್ ತಿಂಗಳದ್ದನ್ನು ಜನವರಿಯಲ್ಲಿ ಕಟ್ಟಿರುತ್ತಾರೆ, ಡಿಸೆಂಬರ್ 31ಕ್ಕೆ ನಿಲ್ಲಿಸಿದರೆ ಆ ಚಲನ್ ಬರುವುದಿಲ್ಲ. ವ್ಯಾಲಿಡೇಟ್ ಮಾಡಿದ ಮೇಲೆ ಎಷ್ಟು ಚಲನ್ ಹೊಂದಿಕೆಯಾದವು, ಎಷ್ಟು ಆಗಲಿಲ್ಲ ಅಂತ ಬರುತ್ತದೆ. ಆಗದ್ದು ಒಂದಿದ್ದರೂ ನಾನು ರಿಟರ್ನ್ ಅಪ್‌ಲೋಡ್ ಮಾಡುವುದಿಲ್ಲ, ಮೊದಲು ಆ ಚಲನ್‌ನ ಪಿಡಿಎಫ್ ತರಿಸಿಕೊಂಡು ನಂಬರ್‌ಗಳನ್ನು ಇನ್ನೊಮ್ಮೆ ಓದುತ್ತೇನೆ.