ಗಿರಿಜಮ್ಮನಿಗೆ ಗೊತ್ತಿಲ್ಲ, ಓದುಗರಿಗೆ ಗೊತ್ತು

ಹೋದ ವರ್ಷ ಒಂದು ಸಣ್ಣ ಕಥೆ ಬರೆದೆ. ಗಿರಿಜಮ್ಮ ಅಂತ ಒಬ್ಬಳು ಬಸ್ ಸ್ಟ್ಯಾಂಡ್ ಹಿಂದೆ ಬಾಡಿಗೆ ಕಟ್ಟಡದಲ್ಲಿ ಮೆಸ್ ನಡೆಸುತ್ತಾಳೆ. 12 ವರ್ಷ ದುಡಿದು ಕೂಡಿಟ್ಟ ದುಡ್ಡಲ್ಲಿ ಗೋಡೆಗೆ ಬಣ್ಣ ಹೊಡೆಸುತ್ತಾಳೆ, ಹೊಸ ಬೋರ್ಡ್ ಬರೆಸುತ್ತಾಳೆ. ಕೊನೆಯ ಪುಟದಲ್ಲಿ ಮಾಲೀಕರು ಬಂದು, ಕಟ್ಟಡ ಮಾರಿ ಎರಡು ತಿಂಗಳಾಯಿತು, ಕೊಂಡವರು ಇದನ್ನು ಕೆಡವಿ ಲಾಡ್ಜ್ ಕಟ್ಟುತ್ತಾರೆ, ಖಾಲಿ ಮಾಡಮ್ಮ ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ನಾಲ್ಕು ಜನ ಗೆಳೆಯರಿಗೆ ಓದಲು ಕೊಟ್ಟೆ. ನಾಲ್ವರೂ "ಅಯ್ಯೋ ಪಾಪ" ಅಂದರು, "ಚೆನ್ನಾಗಿದೆ" ಅಂದರು, ಅಷ್ಟೇ. ಬಣ್ಣ ಹೊಡೆಸುವ ಭಾಗ ಹೇಗಿತ್ತು ಅಂತ ಕೇಳಿದರೆ ಒಬ್ಬರಿಗೂ ಸರಿಯಾಗಿ ನೆನಪಿರಲಿಲ್ಲ. ನಾನು ಎಲ್ಲಕ್ಕಿಂತ ಪ್ರೀತಿಯಿಂದ ಬರೆದ ಆರು ಪುಟ ಅದು. ಅವರು ಅದನ್ನು ಬೇಗ ಬೇಗ ದಾಟಿಕೊಂಡು ಹೋಗಿದ್ದರು, ಯಾಕೆಂದರೆ ಅಲ್ಲಿ ಅವರಿಗೆ ಕಾಣುತ್ತಿದ್ದದ್ದು ಸುಮ್ನೆ ಒಬ್ಬಳು ಹೆಂಗಸು ಗೋಡೆಗೆ ಬಣ್ಣ ಹೊಡೆಸುವುದು ಮಾತ್ರ.

ಇದಕ್ಕೆ ದಾರಿ ಸಿಕ್ಕಿದ್ದು ಯಕ್ಷಗಾನದ ಆಟದಲ್ಲಿ. ಅವತ್ತು ಪ್ರಸಂಗ ಉತ್ತರ ಗೋಗ್ರಹಣ. ಕಥೆ ನಮಗೆಲ್ಲ ಗೊತ್ತಿರುವುದೇ. ಪಾಂಡವರು ವಿರಾಟನ ಊರಲ್ಲಿ ವೇಷ ಮರೆಸಿಕೊಂಡಿದ್ದಾರೆ. ಅರ್ಜುನ ಬೃಹನ್ನಳೆಯಾಗಿ ರಾಜಕುಮಾರಿಗೆ ಕುಣಿತ ಕಲಿಸುತ್ತಿದ್ದಾನೆ. ಕೌರವರು ಹಸುಗಳನ್ನು ಹೊಡೆದುಕೊಂಡು ಹೋದ ಸುದ್ದಿ ಬಂದಾಗ ಅರಮನೆಯಲ್ಲಿ ಇರುವವನು ಉತ್ತರಕುಮಾರ ಒಬ್ಬನೇ. ಹೆಂಗಸರ ಮುಂದೆ ನಿಂತು ಅವನು ಕೊಚ್ಚಿಕೊಳ್ಳುತ್ತಾನೆ: ಒಬ್ಬ ಸಾರಥಿ ಸಿಕ್ಕಿದರೆ ಸಾಕು, ನನ್ನ ಪರಾಕ್ರಮ ನೋಡಿ ಕೌರವರು "ಇವನೇನು ಅರ್ಜುನನೇ ಬಂದನಾ" ಅಂದುಕೊಳ್ಳಬೇಕು, ಹಾಗೆ ಮಾಡುತ್ತೇನೆ. ಈ ಮಾತು ವ್ಯಾಸಭಾರತದ ವಿರಾಟಪರ್ವದಲ್ಲೇ ಇದೆ. ಆಟ ನೋಡುತ್ತಿದ್ದವರು ಅಲ್ಲೇ ನಕ್ಕರು. ಉತ್ತರ ತಮಾಷೆ ಮಾಡಿದನಾ? ಇಲ್ಲ. ಅವನು ಪೂರ್ತಿ ಮನಸ್ಸಿಟ್ಟೇ ಹೇಳಿದ. ಅರ್ಜುನ ಅದೇ ಅರಮನೆಯಲ್ಲಿ ಗೆಜ್ಜೆ ಕಟ್ಟಿಕೊಂಡಿದ್ದಾನೆ ಅನ್ನುವುದು ಅವನಿಗೆ ಗೊತ್ತಿಲ್ಲ, ಕೆಳಗೆ ಕೂತ ನಮಗೆಲ್ಲ ಗೊತ್ತು. ನಗು ಬಂದದ್ದು ಆ ಸಂದಿನಿಂದ.

ಇದನ್ನೇ ಇಂಗ್ಲಿಷಿನವರು ಡ್ರಾಮಾಟಿಕ್ ಐರನಿ ಅನ್ನುವುದು. ನಮ್ಮಲ್ಲಿ ನಾಟಕೀಯ ವ್ಯಂಗ್ಯ ಅಂತ ಬರೆಯುತ್ತಾರೆ. ನನ್ನನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದ್ದು ಈ ಹೆಸರೇ. ವ್ಯಂಗ್ಯ ಅಂದ ಕೂಡಲೇ ನಮಗೆ ಯಾರೋ ಯಾರನ್ನೋ ಚುಚ್ಚುತ್ತಿದ್ದಾರೆ ಅನಿಸುತ್ತದೆ, ಅಲ್ವಾ? ಉತ್ತರನ ಮಾತಿನಲ್ಲಿ ಯಾರೂ ಯಾರನ್ನೂ ಚುಚ್ಚುತ್ತಿಲ್ಲ. ಚುಚ್ಚುವುದು ಮಾತಿನ ವ್ಯಂಗ್ಯ, ವರ್ಬಲ್ ಐರನಿ. ನನ್ನ ಕಥೆಯಲ್ಲೇ ಅದಕ್ಕೊಂದು ಉದಾಹರಣೆ ಇತ್ತು. ಬೆಳಗಿನ ತಿಂಡಿಯ ಗಲಾಟೆ ಎಲ್ಲ ಮುಗಿದ ಮೇಲೆ ಒಂಬತ್ತೂವರೆಗೆ ಗಿರಿಜಮ್ಮನ ಗಂಡ ಎದ್ದು ಬರುತ್ತಾನೆ. ಅವಳು ಇಡ್ಲಿ ಪಾತ್ರೆ ತಿಕ್ಕುತ್ತಾ "ಇಷ್ಟು ಬೇಗ ಯಾಕೆ ಎದ್ರಿ, ಇನ್ನೂ ಸ್ವಲ್ಪ ಮಲಗಬೇಕಿತ್ತು" ಅನ್ನುತ್ತಾಳೆ. ಮಾತಿಗೂ ಮನಸ್ಸಿಗೂ ನಡುವೆ ಇರುವ ಅಂತರ ಅವಳಿಗೆ ಗೊತ್ತು, ಬೇಕಂತಲೇ ಇಟ್ಟಿದ್ದಾಳೆ. ಗಂಡನಿಗೂ ಅರ್ಥವಾಯಿತು, ಓದುಗರಿಗೂ ಅರ್ಥವಾಯಿತು. ಕತ್ತಲಲ್ಲಿ ಇರುವವರು ಅಲ್ಲಿ ಯಾರೂ ಇಲ್ಲ.

ಎರಡನ್ನೂ ಬೇರೆ ಮಾಡಿ ನೋಡಲು ನಾನು ಮಾಡುವುದು ಇಷ್ಟೇ. ಮಾತಾಡಿದ ಪಾತ್ರವನ್ನು ಮನಸ್ಸಿನಲ್ಲೇ ನಿಲ್ಲಿಸಿ ಕೇಳುತ್ತೇನೆ: "ನೀನು ಹೇಳಿದ್ದು ನಿಜವಾಗಿಯೂ ಹಾಗೇನಾ?" ಗಿರಿಜಮ್ಮ "ಅಯ್ಯೋ, ಅವರು ತಡವಾಗಿ ಎದ್ರು ಅಂತ ಹಾಗಂದೆ" ಅಂತಾಳೆ. ಅದು ಮಾತಿನ ವ್ಯಂಗ್ಯ. ಉತ್ತರನನ್ನು ಕೇಳಿದರೆ "ಹೌದು, ಯಾಕೆ? ಅನುಮಾನವಾ?" ಅಂತಾನೆ. ಅದು ನಾಟಕೀಯ ವ್ಯಂಗ್ಯ. ಒಂದರಲ್ಲಿ ಅಂತರ ಮಾತಾಡುವವರ ಕೈಯಲ್ಲಿದೆ, ಇನ್ನೊಂದರಲ್ಲಿ ಅದು ಅವರ ಬೆನ್ನ ಹಿಂದೆ ಇದೆ.

ಎರಡೂ ಒಟ್ಟಿಗೆ ಬರುವ ಜಾಗವೂ ಅದೇ ಪ್ರಸಂಗದಲ್ಲಿದೆ. ಸಾರಥಿಯಾಗು ಅಂದಾಗ ಬೃಹನ್ನಳೆ, ಹಾಡು ಕುಣಿತ ಬಿಟ್ಟರೆ ನನಗೇನು ಬರುತ್ತದೆ, ಯುದ್ಧದಲ್ಲಿ ರಥ ಹೊಡೆಯುವ ಶಕ್ತಿ ನನಗೆಲ್ಲಿ ಅನ್ನುತ್ತಾಳೆ. ಕವಚ ಕೊಟ್ಟರೆ ತಲೆಕೆಳಗು ಮಾಡಿ ತೊಡುತ್ತಾಳೆ, ಅಲ್ಲಿದ್ದ ಹುಡುಗಿಯರು ನಗುತ್ತಾರೆ. ಅರ್ಜುನನ ಕಡೆಯಿಂದ ನೋಡಿದರೆ ಅದು ಗೊತ್ತಿದ್ದೇ ಆಡಿದ ಮಾತು, ಅದರ ಒಳ ಅರ್ಥ ಹಿಡಿಯುವವರು ನಾವು. ಆ ಹುಡುಗಿಯರ ನಗು ಮಾತ್ರ ನಾಟಕೀಯ ವ್ಯಂಗ್ಯ, ಏಕೆಂದರೆ ತಾವು ಯಾರನ್ನು ನೋಡಿ ನಗುತ್ತಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ. ಒಂದೇ ದೃಶ್ಯ, ಎರಡು ಬಗೆ.

ಮನೆಗೆ ಬಂದು ಕಥೆ ತೆಗೆದೆ. ಒಂದು ಹಾಳೆಯ ಮೇಲೆ ದೃಶ್ಯಗಳನ್ನು ಒಂದರ ಕೆಳಗೊಂದು ಬರೆದೆ. ಪಕ್ಕದಲ್ಲಿ ನಾಲ್ಕು ಗೆರೆ ಎಳೆದು ಗಿರಿಜಮ್ಮ, ಪೇಂಟರ್ ಮಾದೇವ, ಮಾಲೀಕರು, ಓದುಗರು ಅಂತ ಹಾಕಿದೆ. ಕಟ್ಟಡ ಮಾರಿದ ವಿಷಯ ಯಾವ ದೃಶ್ಯದಲ್ಲಿ ಯಾರಿಗೆ ಗೊತ್ತು ಅಂತ ಗುರುತು ಮಾಡುತ್ತಾ ಹೋದೆ. ಮಾಲೀಕರ ಸಾಲಿನಲ್ಲಿ ಮೊದಲಿಂದ ಕೊನೆವರೆಗೂ ಗುರುತು ಬಿತ್ತು. ಓದುಗರ ಸಾಲೂ ಗಿರಿಜಮ್ಮನ ಸಾಲೂ ಕೊನೆವರೆಗೆ ಖಾಲಿ. ನನ್ನ ಕಷ್ಟ ಅಲ್ಲೇ ಕಣ್ಣಿಗೆ ಬಿತ್ತು. ಓದುಗರನ್ನು ಗಿರಿಜಮ್ಮನ ಜೊತೆಗೇ ಕತ್ತಲಲ್ಲಿ ಕೂರಿಸಿದ್ದೆ. ಆಗ ಸಿಗುವುದು ಕೊನೆಯಲ್ಲಿ ಒಂದು ಕ್ಷಣದ ಆಘಾತ. ಅದು ಬೇರೆಯದೇ ವಿಧಾನ, ಅದಕ್ಕೂ ಅದರ ಜಾಗ ಇದೆ, ಆದರೆ ಈ ಕಥೆಗೆ ಬೇಕಾದದ್ದು ಅದಲ್ಲ.

ಹಾಗಾಗಿ ಮಾರಾಟದ ದೃಶ್ಯವನ್ನು ಮೊದಲ ಪುಟಕ್ಕೆ ತಂದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಮಾಲೀಕರು ಕೊಂಡವರ ಹತ್ತಿರ "ದಸರಾ ಆದ ಮೇಲೆ ಕೆಡವಿಕೊಳ್ಳಿ, ಅಲ್ಲಿವರೆಗೂ ಬಾಡಿಗೆ ಬರಲಿ, ಆ ಅಮ್ಮನಿಗೆ ನಾನೇ ಹೇಳ್ತೀನಿ" ಅನ್ನುತ್ತಾರೆ. ಮೂರೇ ಸಾಲು. ಆದರೆ ಅನುಮಾನಕ್ಕೆ ಜಾಗವಿಲ್ಲದ ಹಾಗೆ ಬರೆಯಬೇಕು. ಓದುಗರಿಗೆ ವಿಷಯ ಅರೆಬರೆ ತಿಳಿದರೆ ಅವರು ಮುಂದೆಲ್ಲ ಊಹೆ ಮಾಡುತ್ತಾ ಕೂರುತ್ತಾರೆ, ಗಿರಿಜಮ್ಮನ ಕಡೆ ನೋಡುವುದಿಲ್ಲ.

ಆಮೇಲೆ ಬಣ್ಣದ ಭಾಗ. ಅದರಲ್ಲಿ ನಾನು ಹೆಚ್ಚು ಕಡಿಮೆ ಒಂದು ಮಾತೂ ಬದಲಿಸಲಿಲ್ಲ ಅಂದರೆ ನಂಬುತ್ತೀರಾ? ಮಾದೇವ "ಅಕ್ಕಾ, ಪುಟ್ಟಿ ಹಾಕಿ ಒಂದು ಕೋಟ್ ಹೊಡೆದರೆ ಸಾಕು, ಸುಮ್ನೆ ದುಡ್ಡು ಜಾಸ್ತಿ ಆಗುತ್ತೆ" ಅನ್ನುತ್ತಾನೆ. ಗಿರಿಜಮ್ಮ "ಬೇಡಪ್ಪಾ, ಎರಡು ಕೋಟ್ ಹೊಡಿ, ಇನ್ನು ಹತ್ತು ವರ್ಷ ಗೋಡೆ ಮುಟ್ಟೋ ಹಾಗಿರಬಾರದು" ಅನ್ನುತ್ತಾಳೆ. ಮೊದಲ ಕರಡಿನಲ್ಲಿ ಇದು ಬರೀ ಬಣ್ಣದ ಮಾತು. ಈಗ ಅದೇ ಮಾತನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮಾತು ಬದಲಾಗಿಲ್ಲ, ಓದುಗರಿಗೆ ಗೊತ್ತಿರುವುದು ಬದಲಾಗಿದೆ.

ಎರಡು ತಪ್ಪು ಮಾಡಿದೆ, ಎರಡನ್ನೂ ಹೇಳುತ್ತೇನೆ.

ಮೊದಲನೆಯದು, ಮಾದೇವನಿಗೂ ವಿಷಯ ಗೊತ್ತಿರುವಂತೆ ಮಾಡಿದ್ದು. ಟೀ ಅಂಗಡಿಯಲ್ಲಿ ಅವನ ಕಿವಿಗೆ ಬಿದ್ದಿದೆ ಅಂತ ಇಟ್ಟೆ. ತಕ್ಷಣ ಅವನ ಮಾತಿಗೆ ಓರೆ ಬಂತು. "ಒಳ್ಳೇ ಬಣ್ಣಾನೇ ಆರಿಸಿದ್ದೀರಿ ಅಕ್ಕಾ, ಗೋಡೆಗೂ ಅದೃಷ್ಟ ಬೇಕು" ಅಂತೆಲ್ಲ ಬರೆದೆ. ಬರೆಯುವಾಗ ಚೂಪಾಗಿದೆ ಅನ್ನಿಸಿತ್ತು. ಓದಿ ನೋಡಿದರೆ ಓದುಗರ ಸಿಟ್ಟೆಲ್ಲ ಮಾದೇವನ ಮೇಲೆ ಹೋಗುತ್ತಿತ್ತು, ಇವನು ಯಾಕೆ ಹೇಳದೆ ಚುಚ್ಚುತ್ತಾನೆ ಅಂತ. ಮಾತಿನ ವ್ಯಂಗ್ಯ ಬಂದು ನಾಟಕೀಯ ವ್ಯಂಗ್ಯವನ್ನು ನುಂಗಿಬಿಟ್ಟಿತ್ತು. ಅವನಿಗೆ ಏನೂ ಗೊತ್ತಿಲ್ಲ ಅಂತ ಮಾಡಿದ ಮೇಲೆ ಅವನ ಒಂದು ಕೋಟಿನ ಸಲಹೆ ಬರೀ ಒಳ್ಳೆ ಮನಸ್ಸಿನ ಸಲಹೆಯಾಯಿತು, ಅದನ್ನು ಗಿರಿಜಮ್ಮ ತಳ್ಳಿ ಹಾಕುವುದು ಇನ್ನೂ ಜಾಸ್ತಿ ನೋಯಿಸಿತು.

ಎರಡನೆಯದು, ಗಿರಿಜಮ್ಮನ ಬಾಯಲ್ಲಿ ತೂಕದ ಮಾತು ಇಟ್ಟದ್ದು. "ಈ ಗೋಡೆ ನನ್ನನ್ನ ಯಾವತ್ತೂ ಕೈಬಿಡಲ್ಲ ಮಾದೇವ" ಅಂತ ಒಂದು ಸಾಲಿತ್ತು. ಬಣ್ಣ ಹೊಡೆಸುವಾಗ ಯಾರು ಹಾಗೆ ಮಾತಾಡುತ್ತಾರೆ? ಅದು ಅವಳ ಮಾತಲ್ಲ, ಓದುಗರ ಕಡೆ ನೋಡಿ ನಾನು ಹೊಡೆದ ಕಣ್ಣು. ಈಗ ನಾನು ಹೀಗೆ ನೋಡುತ್ತೇನೆ: ಮಾರಾಟದ ದೃಶ್ಯವನ್ನು ಕೈಯಿಂದ ಮುಚ್ಚಿಟ್ಟು ಓದಿದರೂ ಆ ಮಾತು ಸಹಜವಾಗಿ ಇರಬೇಕು. "ಹತ್ತು ವರ್ಷ ಗೋಡೆ ಮುಟ್ಟೋ ಹಾಗಿರಬಾರದು" ಉಳಿಯಿತು, ಇದು ಹೋಯಿತು.

ಮಾಲೀಕರ ಮಾತಿನ ಬಗ್ಗೆ ಒಬ್ಬ ಗೆಳತಿ ಕೇಳಿದಳು. ಅವರು ಬಾಡಿಗೆಗೆ ಬಂದಾಗ ಗೋಡೆ ನೋಡಿ "ಮಾಡಿಸಮ್ಮ, ಚೆನ್ನಾಗಿ ಮಾಡಿಸು" ಅನ್ನುತ್ತಾರಲ್ಲ, ಅದು ಮಾತಿನ ವ್ಯಂಗ್ಯ ಅಲ್ವಾ ಅಂತ. ಅಲ್ಲ, ಅದು ಮೋಸ. ಒಳಗೊಂದು ಹೊರಗೊಂದು ಇರುವುದು ಎರಡರಲ್ಲೂ ಇದೆ, ನಿಜ. ಆದರೆ ಗಂಡನಿಗೆ "ಇಷ್ಟು ಬೇಗ ಯಾಕೆ ಎದ್ರಿ" ಅಂದವಳಿಗೆ ತನ್ನ ಒಳ ಮಾತು ಅವನಿಗೆ ಅರ್ಥವಾಗಲೇಬೇಕು ಅಂತ ಇತ್ತು. ಮಾಲೀಕರಿಗೆ ತಮ್ಮದು ಗಿರಿಜಮ್ಮನಿಗೆ ಅರ್ಥವಾಗಬಾರದು ಅಂತ ಇದೆ.

ಇನ್ನೊಂದು ತೊಡಕು ಬಂದದ್ದು ನಾಲ್ಕನೇ ಪುಟದ ಹೊತ್ತಿಗೆ. ಇಷ್ಟು ದಿನವಾದರೂ ಇವಳಿಗೆ ಹೇಗೆ ಗೊತ್ತಾಗಲಿಲ್ಲ, ಇವಳೇನು ದಡ್ಡಿಯಾ ಅಂತ ಓದುಗರಿಗೆ ಅನ್ನಿಸಲು ಶುರುವಾಯಿತು. ಹಾಗೆ ಅನ್ನಿಸಿದ ಕ್ಷಣವೇ ಕರುಣೆ ಹೋಗುತ್ತದೆ. ಅದಕ್ಕೆ ಒಂದು ಕಾರಣ ಕೊಟ್ಟೆ. 12 ವರ್ಷದ ಹಿಂದೆ ಅವಳ ಹತ್ತಿರ ಅಡ್ವಾನ್ಸಿಗೆ ದುಡ್ಡಿಲ್ಲದಾಗ ಇದೇ ಮಾಲೀಕರು "ಆಮೇಲೆ ಕೊಡಮ್ಮ" ಅಂತ ಬೀಗದ ಕೈ ಕೊಟ್ಟಿದ್ದರು. ಅವರನ್ನು ಅನುಮಾನಿಸುವುದು ಅವಳಿಂದ ಆಗದ ಕೆಲಸ. ಈ ಒಂದು ಪ್ಯಾರಾ ಸೇರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಕೊನೆಯನ್ನೂ ಬದಲಿಸಿದೆ. ಮಾಲೀಕರು ಬಂದು ಹೇಳುವ ದೃಶ್ಯ ಈಗ ಇಲ್ಲ. ಓದುಗರಿಗೆ ಗೊತ್ತಿರುವುದನ್ನು ಇನ್ನೊಮ್ಮೆ ಹೇಳಿ ಏನು ಪ್ರಯೋಜನ? ಈಗಿನ ಕೊನೆಯಲ್ಲಿ ಮಧ್ಯಾಹ್ನ ಇಬ್ಬರು ಟೇಪು ಹಿಡಿದುಕೊಂಡು ಒಳಗೆ ಬರುತ್ತಾರೆ. ಊಟಕ್ಕೆ ಬಂದವರು ಅಂದುಕೊಂಡು ಗಿರಿಜಮ್ಮ ಎಲೆ ಹಾಕುತ್ತಾಳೆ. ಒಬ್ಬ ಗೋಡೆಗೆ ಟೇಪು ಒತ್ತಿ ಹಿಡಿಯುತ್ತಾನೆ. "ಅಯ್ಯೋ ಅಣ್ಣಾ, ಇನ್ನೂ ಹಸಿ ಇದೆ, ಕೈಗೆ ಬಣ್ಣ ಆಗುತ್ತೆ" ಅನ್ನುತ್ತಾಳೆ ಅವಳು.

ಮೊದಲ ಸಲ "ಚೆನ್ನಾಗಿದೆ" ಅಂದಿದ್ದ ಗೆಳೆಯನಿಗೇ ಇದನ್ನು ಮತ್ತೆ ಕೊಟ್ಟೆ. ಎರಡನೇ ಪುಟದಲ್ಲಿದ್ದಾಗಲೇ ಫೋನ್ ಮಾಡಿದ. "ಅಲ್ಲಯ್ಯಾ, ಅವಳಿಗೆ ಯಾರೂ ಹೇಳಲ್ವಾ?" ಅಂತ ಕೇಳಿದ.